ಕಿಟಕಿ, ಬಾಗಿಲು, ಬೀಗದ ಕೈ: ಒಂದು ಸಣ್ಣಕತೆಯ ಸಂಕೇತಗಳನ್ನು ನಾನು ಓದಿದ ಬಗೆ

ಅಮೆರಿಕದ ಲೇಖಕಿ ಕೇಟ್ ಶೋಪನ್ 1894ರಲ್ಲಿ ಬರೆದ ‘ದ ಸ್ಟೋರಿ ಆಫ್ ಆ್ಯನ್ ಅವರ್’ ಸುಮಾರು ಸಾವಿರ ಪದಗಳ ಕತೆ. ಹೃದಯದ ಕಾಯಿಲೆಯಿರುವ ಶ್ರೀಮತಿ ಮಲ್ಲಾರ್ಡ್‌ಗೆ, ಗಂಡ ರೈಲು ಅಪಘಾತದಲ್ಲಿ ಸತ್ತನೆಂಬ ಸುದ್ದಿಯನ್ನು ಅಕ್ಕರೆಯಿಂದ, ಅರೆಬರೆ ಮಾತುಗಳಲ್ಲಿ ತಿಳಿಸುತ್ತಾರೆ. ಆಕೆ ಅತ್ತು, ಕೋಣೆಗೆ ಹೋಗಿ, ಇನ್ನು ತನ್ನ ಬದುಕು ತನ್ನದೇ ಎಂಬ ಅರಿವಿನಲ್ಲಿ ಹಿಗ್ಗುತ್ತಾಳೆ. ಅಷ್ಟರಲ್ಲಿ ಗಂಡ ಜೀವಂತವಾಗಿ ಮನೆಗೆ ಬರುತ್ತಾನೆ, ಆಕೆ ಸಾಯುತ್ತಾಳೆ. ಇಲ್ಲಿನ ತೆರೆದ ಕಿಟಕಿ ಸ್ವಾತಂತ್ರ್ಯದ ಸಂಕೇತವೆಂಬ ಮಾತು ಪರೀಕ್ಷೆಗೆ ಓದುವವರಿಗೆಲ್ಲ ಬಾಯಿಪಾಠವಾಗಿದೆ. ಆ ಮಾತಿಗೆ ಕತೆಯೊಳಗೆ ಎಷ್ಟು ಆಧಾರವಿದೆ ಎಂದು ನೋಡುವುದು ನನ್ನ ಉದ್ದೇಶವಾಗಿತ್ತು.

ಮೊದಲ ಓದಿನಲ್ಲಿ ನಾನು ಪೆನ್ಸಿಲ್ ಮುಟ್ಟಲಿಲ್ಲ. ಎರಡನೆಯ ಓದಿನಲ್ಲಿ ಕೈಯಿಂದ ಮುಟ್ಟಬಹುದಾದ ವಸ್ತುಗಳಿಗೆಲ್ಲ ಗೆರೆ ಎಳೆದು, ಮರಳಿ ಮರಳಿ ಬರುವವುಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿದೆ. ಪ್ರತಿಯೊಂದರ ಎದುರಿಗೆ ಅದು ಯಾವ ಸ್ಥಿತಿಯಲ್ಲಿದೆ, ಯಾರ ಹತ್ತಿರವಿದೆ, ಅವರು ಅದರೊಂದಿಗೆ ಏನು ಮಾಡುತ್ತಾರೆ ಎಂಬುದನ್ನಷ್ಟೇ ಬರೆದುಕೊಂಡೆ. ಈ ಹಂತದಲ್ಲಿ ಅರ್ಥವನ್ನು ಬರೆಯಬಾರದು. ‘ಕಿಟಕಿ: ಬಿಡುಗಡೆ’ ಎಂದು ಒಮ್ಮೆ ಬರೆದರೆ ಮುಂದಿನ ಸಾಲುಗಳೆಲ್ಲ ಅದಕ್ಕೆ ಸಾಕ್ಷಿ ಹೇಳುವಂತೆಯೇ ಕಾಣತೊಡಗುತ್ತವೆ.

ಹಾಳೆಯಲ್ಲಿ ಕಂಡದ್ದು ಇದು. ಕಿಟಕಿ ಆಕೆ ಕೋಣೆಗೆ ಬರುವ ಮೊದಲೇ ತೆರೆದಿದೆ. ಅದನ್ನು ತೆರೆದವರು ಯಾರೆಂದು ಕತೆ ಹೇಳುವುದಿಲ್ಲ. ಅದರಾಚೆ ವಸಂತದ ಮರಗಳ ತುದಿಗಳು, ಮಳೆಯ ವಾಸನೆ, ಬೀದಿಯಲ್ಲಿ ಸರಕು ಮಾರುವವನ ಕೂಗು, ಗುಬ್ಬಚ್ಚಿಗಳ ಚಿಲಿಪಿಲಿ ಇವೆ. ಇವುಗಳಲ್ಲಿ ಯಾವುದೂ ಆಕೆಯನ್ನು ಕರೆಯುವುದಿಲ್ಲ, ಆಕೆಯಿಂದ ಏನನ್ನೂ ಕೇಳುವುದಿಲ್ಲ. ಬಾಗಿಲಿನ ಕಡೆ ಇದಕ್ಕೆ ತದ್ವಿರುದ್ಧ. ಆಕೆಯ ಸೋದರಿ ಜೋಸೆಫೀನ್ ಮುಚ್ಚಿದ ಬಾಗಿಲ ಮುಂದೆ ಮಂಡಿಯೂರಿ, ಕೀಲಿರಂಧ್ರಕ್ಕೆ ತುಟಿ ಹಚ್ಚಿ, ಬಾಗಿಲು ತೆಗೆ ಎಂದು ಅಂಗಲಾಚುತ್ತಾಳೆ. ಅಲ್ಲಿಯವರೆಗೆ ‘ಶ್ರೀಮತಿ ಮಲ್ಲಾರ್ಡ್’ ಅಥವಾ ಬರೀ ‘ಆಕೆ’ ಆಗಿದ್ದವಳ ಸ್ವಂತ ಹೆಸರು, ಲೂಯಿಸ್, ಮೊದಲ ಸಲ ಕೇಳಿಸುವುದು ಈ ರಂಧ್ರದ ಮೂಲಕವೇ. ಹಾಗಾಗಿ ಕಿಟಕಿ ಮತ್ತು ಬಾಗಿಲನ್ನು ಬಿಡಿಬಿಡಿಯಾಗಿ ಅರ್ಥೈಸುವುದಕ್ಕಿಂತ ಜೋಡಿಯಾಗಿ ಓದುವುದು ನನಗೆ ಸರಿಯೆನಿಸಿತು: ಒಂದು ಏನನ್ನೂ ಬೇಡದೆ ಒಳಗೆ ಬರಗೊಡುತ್ತದೆ, ಇನ್ನೊಂದರ ಹಿಂದೆ ಸದಾ ಯಾರೋ ಕಾಯುತ್ತಿರುತ್ತಾರೆ, ಅದು ಪ್ರೀತಿಯಿಂದಲೇ ಆದರೂ.

ಬಾಗಿಲುಗಳಲ್ಲೂ ಎರಡಿವೆ, ಮತ್ತು ಕತೆಯ ತಿರುಳು ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಕೋಣೆಯ ಬಾಗಿಲನ್ನು ಕೊನೆಗೆ ತೆರೆಯುವವಳು ಆಕೆಯೇ. ಅದೂ ವಿಜಯದೇವತೆಯ ನಡಿಗೆಯಲ್ಲಿ. ಮುಂಬಾಗಿಲನ್ನು ತೆರೆಯುವವನು ಗಂಡ, ಹೊರಗಿನಿಂದ, ತನ್ನ ಕೈಯಲ್ಲಿರುವ ಕೀಲಿಯಿಂದ. ಅವನು ಬಾಗಿಲು ತಟ್ಟುವುದಿಲ್ಲ, ತೆರೆಯಲು ಯಾರನ್ನೂ ಕೇಳಬೇಕಾಗಿಲ್ಲ. ಆಕೆಯ ಅಧಿಕಾರ ಒಂದು ಕೋಣೆಯ ಬಾಗಿಲಿಗೆ ಮುಗಿಯುತ್ತದೆ, ಮನೆಯ ಕೀಲಿ ಬೇರೆಯವರಲ್ಲಿದೆ ಎಂಬ ವ್ಯಾಖ್ಯಾನಕ್ಕೆ ಈ ಎರಡು ಕ್ರಿಯೆಗಳೇ ಸಾಕ್ಷಿ.

ಆದರೆ ಇಷ್ಟಕ್ಕೆ ಅವನನ್ನು ಸೆರೆಮನೆಯ ಕಾವಲುಗಾರನನ್ನಾಗಿ ಮಾಡಿಬಿಡುವ ಓದನ್ನು ನಾನು ಒಪ್ಪಲಾರೆ. ವ್ಯಾಖ್ಯಾನ ಸಿದ್ಧವಾದ ಮೇಲೆ ಅದಕ್ಕೆ ಎದುರು ನಿಲ್ಲುವ ಸಾಲುಗಳನ್ನು ಹುಡುಕಿಕೊಂಡು ಹೋಗಬೇಕು. ಹಾಗೆ ಹೋದಾಗ, ಅವನ ಮುಖ ಆಕೆಯನ್ನು ಪ್ರೀತಿಯಿಂದಲ್ಲದೆ ನೋಡಿದ್ದೇ ಇಲ್ಲ ಎಂಬ ಮಾತು ಸಿಗುತ್ತದೆ. ತಮ್ಮ ಇಚ್ಛೆಯನ್ನು ಇನ್ನೊಬ್ಬರ ಮೇಲೆ ಹೇರುವ ಹಕ್ಕಿದೆಯೆಂದು ನಂಬುವವರು ಗಂಡಸರಷ್ಟೇ ಅಲ್ಲ, ಹೆಂಗಸರೂ ಹೌದು ಎಂದೂ ಕತೆ ಹೇಳುತ್ತದೆ. ಕೀಲಿರಂಧ್ರದ ಬಳಿ ಮಂಡಿಯೂರಿದ ಜೋಸೆಫೀನ್ ಇದಕ್ಕೆ ಹೊರತಲ್ಲ. ಆದ್ದರಿಂದ ಕೀಲಿಯ ಅರ್ಥವನ್ನು ನಾನು ಕ್ರೌರ್ಯದವರೆಗೆ ಎಳೆಯದೆ, ಕೇಳದೆ ಒಳಬರುವ ಹಕ್ಕು ಎಂಬಲ್ಲಿಗೆ ನಿಲ್ಲಿಸಿದೆ.

ಕೆಲವನ್ನು ಪಟ್ಟಿಯಿಂದಲೇ ಕೈಬಿಟ್ಟೆ. ಗಂಡನ ಕೈಯಲ್ಲಿರುವ ಕೊಡೆ ಒಮ್ಮೆ ಮಾತ್ರ ಬರುತ್ತದೆ. ಕಿಟಕಿಯಾಚೆಯ ಮಳೆಗೂ ಅದಕ್ಕೂ ನಂಟು ಕಲ್ಪಿಸುವುದು ಸೊಗಸಾಗಿ ಕಂಡರೂ ಕತೆಯಲ್ಲಿ ಅದಕ್ಕೆ ಎರಡನೆಯ ಆಧಾರವಿಲ್ಲ. ಕಿಟಕಿಗೆ ಎದುರಾಗಿ ಪಶ್ಚಿಮದಲ್ಲಿ ಮೋಡಗಳು ಒಟ್ಟಿಕೊಂಡಿವೆ ಎಂಬ ವಿವರವನ್ನು ಸೂರ್ಯಾಸ್ತಕ್ಕೂ ಸಾವಿಗೂ ಹೊಂದಿಸಬಹುದು. ಆದರೆ ಅದೇ ಸಾಲಿನಲ್ಲಿ ಮೋಡಗಳ ನಡುವೆ ನೀಲಿ ಆಕಾಶದ ತುಣುಕುಗಳಿವೆ, ಮುಂದೆ ಆಕೆಯ ದೃಷ್ಟಿ ನೆಡುವುದೂ ಆ ನೀಲಿಯಲ್ಲಿಯೇ. ಅದನ್ನು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಹಾಳೆಯ ಅಂಚಿನಲ್ಲಿ ಉಳಿಸಿಕೊಂಡೆ, ಪ್ರಬಂಧಕ್ಕೆ ತರಲಿಲ್ಲ.