ನಾಲ್ಕು ಕಾಯಿಗಳ ಬೀಳ್ಕೊಡುಗೆ ಭಾಷಣ

ಬಹುಮಾನ ವಿತರಣೆಯ ದಿನ ನಿವೃತ್ತನಾಗುತ್ತಿರುವ ಚೆಸ್ ಕೋಚ್ ಕೈಗೆ ಮೈಕ್ ಕೊಟ್ಟರೆ ಏನು ಹೇಳುತ್ತಾನೆಂದು ಸಭೆಗೆ ಮೊದಲೇ ಗೊತ್ತಿರುತ್ತದೆ. ಗೆದ್ದ ಕಪ್‌ಗಳು, ಹೆಸರು ಮಾಡಿದ ಶಿಷ್ಯರು, ಆಮೇಲೆ ಧನ್ಯವಾದದ ಉದ್ದ ಪಟ್ಟಿ. ನನ್ನ ಮೊದಲ ಕರಡೂ ಹಾಗೇ ಇತ್ತು. ಚೆಸ್ ಗಡಿಯಾರದಲ್ಲಿ 7 ನಿಮಿಷ ಇಟ್ಟುಕೊಂಡು ಗಟ್ಟಿಯಾಗಿ ಓದಿದೆ. ಧನ್ಯವಾದ ಅರ್ಧದಲ್ಲಿರುವಾಗಲೇ ಸಮಯ ಮುಗಿಯಿತು. ಪಟ್ಟಿಯನ್ನು ತೆಗೆದು ನೋಟಿಸ್ ಬೋರ್ಡಿಗೆ ಹಾಕಿಸಿದೆ. ವೇದಿಕೆಯಲ್ಲಿ ತೋರಿಸಲು ಚೆಸ್ ಬೋರ್ಡಿನ ಒಂದೇ ಸ್ಥಾನ ಸಾಕು ಎಂದುಕೊಂಡೆ.

ಯಾವ ಸ್ಥಾನ ಎಂಬುದಕ್ಕೇ ಹೆಚ್ಚು ಯೋಚಿಸಬೇಕಾಯಿತು. ಪೋಷಕರಲ್ಲಿ ಹೆಚ್ಚಿನವರಿಗೆ ಆಟ ಬರುವುದಿಲ್ಲ. ಗೋಡೆಗೆ ನೇತುಹಾಕುವ ಡೆಮೊ ಬೋರ್ಡಿನಲ್ಲಿ ಕಾಯಿ ತುಂಬಿದರೆ ಹಿಂದಿನ ಸಾಲಿಗೆ ಬರೀ ಮಚ್ಚೆಗಳು ಕಾಣುತ್ತವೆ. ರಾಣಿಯನ್ನು ಬಲಿಕೊಡುವ ಆಟಗಳು ಚೆಂದ, ಆದರೆ ಚೆಂದ ಏನೆಂದು ವಿವರಿಸುವುದರಲ್ಲೇ ಹೊತ್ತು ಹೋಗುತ್ತದೆ. ಕೊನೆಗೆ ರಿಚರ್ಡ್ ರೇಟಿ 1921ರಲ್ಲಿ ರಚಿಸಿದ ಅಂತ್ಯಾಟವನ್ನು ಆರಿಸಿಕೊಂಡೆ. ಅದರಲ್ಲಿ ನಾಲ್ಕೇ ಕಾಯಿ. ಬಿಳಿ ರಾಜ ಎಚ್8, ಬಿಳಿ ಪದಾತಿ ಸಿ6; ಕಪ್ಪು ರಾಜ ಎ6, ಕಪ್ಪು ಪದಾತಿ ಎಚ್5. ಬಿಳಿಯ ಸರದಿ, ಡ್ರಾ ಮಾಡಬೇಕು.

ಮನೆಗಳ ಹೆಸರನ್ನು ಸಭೆಯಲ್ಲಿ ಹೇಳಲಿಲ್ಲ. “ಕಪ್ಪು ಪದಾತಿ ಇನ್ನು 4 ಹೆಜ್ಜೆ ಇಳಿದರೆ ರಾಣಿ. ಬಿಳಿ ರಾಜ ಹಿಂದೆ ಉಳಿದಿದ್ದಾನೆ, ನೆಟ್ಟಗೆ ಓಡಿದರೆ ಸಿಗುವುದಿಲ್ಲ. ಅವನ ಪದಾತಿಯನ್ನು ಕಪ್ಪು ರಾಜ ಎರಡು ನಡೆಯಲ್ಲಿ ತಿನ್ನುತ್ತಾನೆ. ಕೈ ಚೆಲ್ಲೋಣವೇ?” ಎಂದು ಕೇಳಿ ಸುಮ್ಮನೆ ನಿಂತೆ. ಅರ್ಧ ನಿಮಿಷದ ಆ ಮೌನವನ್ನೂ 7 ನಿಮಿಷದೊಳಗೇ ಲೆಕ್ಕ ಹಾಕಿದ್ದೆ; ಇಲ್ಲದಿದ್ದರೆ ನಾನೇ ಅವಸರಪಟ್ಟು ಉತ್ತರ ಹೇಳಿಬಿಡುತ್ತಿದ್ದೆ.

ನಡೆಗಳನ್ನು ತೋರಿಸಲು ತಂಡದ ನಾಲ್ಕನೇ ಬೋರ್ಡಿನ ಹುಡುಗಿಯನ್ನು ಕರೆದೆ. ಹಿಂದಿನ ದಿನವೇ ಕೇಳಿ ಒಪ್ಪಿಸಿದ್ದೆ, ಏಕಾಏಕಿ ವೇದಿಕೆಗೆ ಎಳೆದರೆ ಮಕ್ಕಳು ಮುದುಡುತ್ತಾರೆ. ಅವಳು ಬಿಳಿ ರಾಜನನ್ನು ಓರೆಯಾಗಿ ಇಳಿಸಿದಳು: ಜಿ7, ಎಫ್6. ಅಷ್ಟರಲ್ಲಿ ಕಪ್ಪು ಪದಾತಿ ಎಚ್4ಕ್ಕೆ, ಕಪ್ಪು ರಾಜ ಬಿ6ಕ್ಕೆ ಬಂದಿದ್ದವು. ಈಗ ರಾಜ ಇ5. ನೆಟ್ಟಗೆ ಇಳಿದಿದ್ದರೂ ಮೂರು ನಡೆಯಲ್ಲಿ ಅದೇ ಸಾಲಿಗೆ ಬರುತ್ತಿದ್ದ. ಆದರೆ ಓರೆಯಲ್ಲಿ ಬಂದದ್ದರಿಂದ ತನ್ನ ಪದಾತಿಗೂ ಅಷ್ಟೇ ಹತ್ತಿರವಾದ. ಕಪ್ಪು ಸಿ6ರ ಪದಾತಿಯನ್ನು ತಿಂದರೆ ಎಫ್4, ಓಡುತ್ತಿದ್ದ ಪದಾತಿ ಸಿಕ್ಕಿಬಿತ್ತು. ತಿನ್ನದೆ ಎಚ್3ಕ್ಕೆ ನೂಕಿದರೆ ರಾಜ ಡಿ6ಕ್ಕೆ ಹೋಗುತ್ತಾನೆ. ಆಮೇಲೆ ಎರಡೂ ಕಡೆ ರಾಣಿ ಹುಟ್ಟಿ ಆಟ ಸಮ. ಈ ಎರಡನೇ ದಾರಿಯನ್ನು ಬೋರ್ಡಿನಲ್ಲಿ ಪೂರ್ತಿ ಆಡಿಸಲಿಲ್ಲ, ಬಾಯಲ್ಲಿ ಹೇಳಿ ಬಿಟ್ಟೆ. ಎರಡನ್ನೂ ಆಡಿಸಿ, ಕಾಯಿಗಳನ್ನು ಹಿಂದಕ್ಕಿಟ್ಟು, ಮತ್ತೆ ಶುರು ಮಾಡುವಷ್ಟರಲ್ಲಿ ಹೊಸಬರು ಎಳೆ ಕಳೆದುಕೊಳ್ಳುತ್ತಾರೆ.

ಅವಳನ್ನೇ ಏಕೆ ಕರೆದೆನೆಂದು ಆಮೇಲೆ ಹೇಳಿದೆ. ಆ ವರ್ಷದ ಶಾಲಾ ತಂಡಗಳ ಪಂದ್ಯದಲ್ಲಿ ನಮ್ಮ ಮೊದಲ ಮೂರು ಬೋರ್ಡುಗಳಲ್ಲಿ ಎರಡು ಗೆಲುವು, ಒಂದು ಸೋಲು. ನಾಲ್ಕನೆಯದರಲ್ಲಿ ಇವಳು ಒಂದು ಪದಾತಿ ಕಡಿಮೆ ಇದ್ದು ಡ್ರಾ ಮಾಡಿದ್ದಳು. ತಂಡ ಗೆದ್ದದ್ದು 2½–1½ರಿಂದ. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಅರ್ಧ ಅಂಕ. ಹೆಚ್ಚು ಅಂಕ ಗಳಿಸಿದವರಿಗೆ ಬಹುಮಾನ. ಆ ನಿಯಮ ಸರಿಯಾಗಿಯೇ ಇದೆ, ಅದನ್ನು ಬದಲಿಸಿ ಎಂದು ನಾನು ಕೇಳಲಿಲ್ಲ. ಅವಳ ಸ್ಕೋರ್‌ಶೀಟಿನ ಕೊನೆಯ ಪುಟದ ನಡೆಗಳನ್ನು ಮಾತ್ರ ಓದಿದೆ.

ಇದೊಂದು ಕಾರಣಕ್ಕೇ ಭಾಷಣವನ್ನು ಬಹುಮಾನಕ್ಕಿಂತ ಮೊದಲು ಇಡಿಸಿಕೊಂಡಿದ್ದೆ. ಕಪ್ ಕೈಗೆ ಬಂದ ಮೇಲೆ ಮಕ್ಕಳು ಫೋಟೊಗೆ ಹೊರಡುತ್ತಾರೆ, ಹಿಂದೆಯೇ ಅಪ್ಪ ಅಮ್ಮಂದಿರೂ. ಆಗ ಮಾತಾಡಿದರೆ ಕೇಳುವುದು ಕುರ್ಚಿಗಳು.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಬೋರ್ಡಿನ ಹತ್ತಿರ ಬಂದು, “ಸರ್, ಕಪ್ಪು ಪದಾತಿಯನ್ನು ಓಡಿಸುವುದು ಬಿಟ್ಟು ಮೊದಲೇ ಆ ಬಿಳಿ ಪದಾತಿಯನ್ನು ತಿಂದುಬಿಟ್ಟರೆ?” ಎಂದರು. ಆಟ ಕಲಿತವರಲ್ಲ, ಆದರೆ ಪ್ರಶ್ನೆ ಸರಿಯಾದದ್ದು. ಕಾಯಿಗಳನ್ನು ಮತ್ತೆ ಇಟ್ಟೆ. ರಾಜ ಜಿ7, ಕಪ್ಪು ಬಿ6. ರಾಜ ಎಫ್6, ಕಪ್ಪು ಸಿ6ರಲ್ಲಿ ತಿಂದಿತು. “ಈಗ ನೀವೇ ನಡೆಸಿ” ಎಂದೆ. ಸ್ವಲ್ಪ ನೋಡಿ ರಾಜನನ್ನು ಜಿ5ಕ್ಕೆ ಇಟ್ಟರು. ಪಕ್ಕದಲ್ಲೇ ಎಚ್5ರ ಪದಾತಿ. ಮುಂದೆ ನೂಕಿದರೂ ಅದು ರಾಜನ ಬಾಯಿಗೇ.