ಸೀರೆ ತಂದರೂ ಮುನಿಸು: ‘ಪ್ರೀತಿಯ ಭಾಷೆ’ಯನ್ನು ಬಳಸುವುದು ಹೇಗೆ?

ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರಲ್ಲಿ ರೇಷ್ಮೆ ಬೆಳೆಯುವ ದಂಪತಿ. ಗೂಡು ಮಾರಿದ ದಿನ ಗಂಡ ಪೇಟೆಯಿಂದ ಸೀರೆ ತಂದ. ಹೆಂಡತಿ ಮಡಿಕೆ ಬಿಚ್ಚದೆ ಬೀರುವಿನಲ್ಲಿಟ್ಟಳು. ಮೊಬೈಲಿನಲ್ಲಿ ಪ್ರಶ್ನಾವಳಿ ತುಂಬಿದಾಗ ಅವನ ಪ್ರೀತಿಯ ಭಾಷೆ ‘ಉಡುಗೊರೆ’, ಅವಳದು ‘ನೆರವು’ ಎಂದು ಬಂತು. ಮರುದಿನದಿಂದ ಬೆಳಗಿನ ಕಾಫಿ ಅವನೇ ಮಾಡಿಕೊಟ್ಟ. ಮುನಿಸು ಕರಗಲಿಲ್ಲ.

ಮೆಚ್ಚುಗೆಯ ಮಾತು, ಜೊತೆಯಲ್ಲಿ ಕಳೆಯುವ ಹೊತ್ತು, ಉಡುಗೊರೆ, ನೆರವು, ಸ್ಪರ್ಶ: ಈ ಐದು ‘ಪ್ರೀತಿಯ ಭಾಷೆ’ಗಳಲ್ಲಿ ಒಂದು ಪ್ರತಿಯೊಬ್ಬರಿಗೂ ಮುಖ್ಯವಾಗಿರುತ್ತದೆ ಎಂದು 1992ರಲ್ಲಿ ಬರೆದವರು ಅಮೆರಿಕದ ಪಾದ್ರಿ, ಆಪ್ತಸಲಹೆಗಾರ ಗ್ಯಾರಿ ಚಾಪ್‌ಮನ್. ಅದಕ್ಕೆ ಆಧಾರ ಅವರ ಸಲಹಾ ಅನುಭವ. ಲಭ್ಯ ಅಧ್ಯಯನಗಳನ್ನು 2024ರಲ್ಲಿ ಪರಿಶೀಲಿಸಿದ ಮನೋವಿಜ್ಞಾನಿಗಳಿಗೆ ಈ ಮಾತಿಗೆ ಗಟ್ಟಿ ಪುರಾವೆ ಸಿಗಲಿಲ್ಲ. ಒಂದನ್ನೇ ಆರಿಸಿ ಎನ್ನದೆ ಪ್ರತಿಯೊಂದಕ್ಕೂ ಅಂಕ ಕೇಳಿದರೆ, ಜನ ಐದಕ್ಕೂ ಹೆಚ್ಚು ಅಂಕವನ್ನೇ ಕೊಡುತ್ತಾರೆ.

ಹಾಗಾಗಿ ‘ನಿನ್ನ ಭಾಷೆ ಯಾವುದು’ ಎಂದು ಕೇಳಬೇಡಿ. ಮೊದಲು, ‘ಕಳೆದ ವಾರ ಯಾವಾಗ ಬೇಜಾರಾಯಿತು’ ಎಂದು ಕೇಳಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಇವಳ ಉತ್ತರ ಹೀಗಿತ್ತು: “ಹುಳು ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಹನ್ನೊಂದಕ್ಕೂ ನಾನೇ ಸೊಪ್ಪು ಹಾಕಿದೆ, ಬೆಳಗಿನ ಜಾವ ನಾಲ್ಕಕ್ಕೂ ನಾನೇ. ನೀವು ಮಲಗಿದ್ದಿರಿ.” ಜ್ವರ ಎಂದರೆ ಹುಳು ಪೊರೆ ಬಿಡುವ ಹೊತ್ತು. ಹುಳು ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನಾಲ್ಕನೇ ಜ್ವರದ ನಂತರದ ಆ ಒಂದು ವಾರದಲ್ಲೇ ಮುಗಿಯುತ್ತದೆ.

ಎರಡನೆಯದಾಗಿ, ಮನೆಯ ಕೆಲಸಗಳನ್ನೆಲ್ಲ ಕಾಗದದಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಮಾಡುವವರು ಯಾರು, ನೆನಪಿಟ್ಟುಕೊಳ್ಳುವವರು ಯಾರು ಎಂದು ಬೇರೆ ಬೇರೆಯಾಗಿ ಗುರುತಿಸಿ. ಅವನ ಹೆಸರಿನಲ್ಲಿ ಸೊಪ್ಪು ಕೊಯ್ಯುವುದು, ಮಾರುಕಟ್ಟೆ ಓಡಾಟ. ಅವಳ ಹೆಸರಿನಲ್ಲಿ ರಾತ್ರಿಯ ಸೊಪ್ಪು, ಆಳುಗಳ ಊಟ, ಮಕ್ಕಳ ಶಾಲೆ, ಅತ್ತೆಯ ಮಾತ್ರೆ. ಪಟ್ಟಿ ನೋಡಿದರೆ ಇದು ಭಾಷೆಯ ವ್ಯತ್ಯಾಸವಲ್ಲ, ಪಾಲಿನ ಅನ್ಯಾಯ. ನನ್ನ ಮಟ್ಟಿಗೆ ಈ ಸಿದ್ಧಾಂತ ಹೆಚ್ಚು ಸೋಲುವುದು ಇಲ್ಲೇ. ‘ನೆರವು’ ಎಂದೊಡನೆ ಕೆಲಸ ಅವಳದು, ಅವನು ಕೈಜೋಡಿಸಿದ ಎಂದಾಗಿಬಿಡುತ್ತದೆ.

ಮೂರನೆಯದಾಗಿ, ಒಂದು ಕೆಲಸವನ್ನು ಪೂರ್ತಿ ವಹಿಸಿಕೊಳ್ಳಿ. ಅವನು ರಾತ್ರಿಯ ಸೊಪ್ಪನ್ನು ಆಯ್ದುಕೊಂಡ. ಅಲಾರಂ ಅವನ ಮೊಬೈಲಿನಲ್ಲಿ, ಸೊಪ್ಪು ಸಾಲುತ್ತದೆಯೇ ಎಂಬ ಲೆಕ್ಕವೂ ಅವನದೇ. ಒಂದು ಬೆಳೆ ಮುಗಿಯುವವರೆಗೆ ಗಮನಿಸಿ: ಅವಳು ಎಷ್ಟು ಸಲ ನೆನಪಿಸಬೇಕಾಯಿತು? ನೆನಪಿಸುವುದು ನಿಲ್ಲದಿದ್ದರೆ ಹೊರೆ ಇನ್ನೂ ಅವಳ ಮೇಲೆಯೇ ಇದೆ.

ಐದು ಭಾಷೆಗಳ ಪಟ್ಟಿ ಉಪಯೋಗಕ್ಕೆ ಬರುವುದು ಆಮೇಲೆ, ಇಬ್ಬರೂ ಮರೆತಿರುವುದನ್ನು ನೆನಪಿಸಿಕೊಳ್ಳಲು. ಆದರೆ ಹೊಡೆತ, ಬೆದರಿಕೆ, ಹಣ ಕಿತ್ತುಕೊಳ್ಳುವುದು ಇರುವಲ್ಲಿ ಅದನ್ನು ತೆರೆಯಲೇಬೇಡಿ. ಅಲ್ಲಿ ಬೇಕಾದದ್ದು ರಕ್ಷಣೆ. ಮಹಿಳಾ ಸಹಾಯವಾಣಿ 181.

ಮುಂದಿನ ಬೆಳೆಯಲ್ಲಿ ಅವಳು ರಾತ್ರಿ ನಿದ್ದೆ ಮಾಡಿದಳು. ಅತ್ತೆಯ ಮಾತ್ರೆ ಮಾತ್ರ ಇನ್ನೂ ಅವಳ ತಲೆಯಲ್ಲೇ ಇದೆ. ಪಟ್ಟಿಯಲ್ಲಿ ಈಗ ಅದರ ಸರದಿ.