ಹುಡುಗನಿಗೆ ದಿಢೀರ್ ವೃಷಣ ನೋವು: ಮೊದಲ 6 ಗಂಟೆಯಲ್ಲಿ ಏನು ಮಾಡಬೇಕು?

ಹನ್ನೆರಡರಿಂದ ಹದಿನೆಂಟು ವರ್ಷದ ಹುಡುಗನಿಗೆ ಒಂದು ಬದಿಯ ವೃಷಣ ಇದ್ದಕ್ಕಿದ್ದಂತೆ ಜೋರಾಗಿ ನೋಯಲು ಶುರುವಾದರೆ, ಅದು ತಿರುಚಿಕೊಂಡಿದೆ ಎಂದೇ ತಿಳಿದು ಆಸ್ಪತ್ರೆಗೆ ಹೊರಡಬೇಕು. ಅಲ್ಲ ಎಂದು ವೈದ್ಯರು ಹೇಳಲಿ. ಮನೆಯಲ್ಲಿ ಕೂತು ನಾವು ತೀರ್ಮಾನ ಮಾಡುವ ವಿಷಯ ಇದಲ್ಲ.

ಒಳಗೆ ಏನಾಗುತ್ತದೆ ಎಂದು ಗೊತ್ತಾದರೆ ಆತುರ ಯಾಕೆ ಎಂಬುದೂ ಅರ್ಥವಾಗುತ್ತದೆ. ವೃಷಣ ಒಂದು ಬಳ್ಳಿಯಿಂದ ಇಳಿಬಿದ್ದಿರುತ್ತದೆ. ರಕ್ತ ತರುವ ನಾಳ, ವಾಪಸ್ ಒಯ್ಯುವ ನಾಳ, ವೀರ್ಯನಾಳ ಎಲ್ಲವೂ ಆ ಬಳ್ಳಿಯೊಳಗೇ ಇವೆ. ಸಾಮಾನ್ಯವಾಗಿ ವೃಷಣ ಚೀಲದ ಗೋಡೆಗೆ ಹಿಂಬದಿಯಲ್ಲಿ ಅಂಟಿಕೊಂಡಿರುವುದರಿಂದ ಅದು ಸುತ್ತುವುದಿಲ್ಲ. ಕೆಲವು ಹುಡುಗರಲ್ಲಿ ಹುಟ್ಟಿನಿಂದಲೇ ಈ ಹಿಡಿತ ಇರುವುದಿಲ್ಲ. ಗಂಟೆಯ ನಾಲಗೆ ತೂಗಾಡಿದ ಹಾಗೆ ವೃಷಣ ಒಳಗೆ ಸಡಿಲವಾಗಿ ತೂಗಾಡುತ್ತಿರುತ್ತದೆ. ಹರೆಯದಲ್ಲಿ ಅದು ಬೇಗ ಬೆಳೆದು ತೂಕ ಜಾಸ್ತಿಯಾದಾಗ, ಆಟದ ನಡುವೆಯೋ ನಿದ್ದೆಯಲ್ಲೋ ಸುತ್ತಿಕೊಂಡುಬಿಡಬಹುದು. ಏಟು ಬಿದ್ದಿರಲೇಬೇಕು ಎಂದೇನಿಲ್ಲ. ಬಳ್ಳಿ ತಿರುಚಿದಾಗ ಮೊದಲು ರಕ್ತ ವಾಪಸ್ ಹೋಗುವುದು ನಿಲ್ಲುತ್ತದೆ, ವೃಷಣ ಊದುತ್ತದೆ. ಆಮೇಲೆ ಒಳಗೆ ಬರುವ ರಕ್ತವೂ ನಿಲ್ಲುತ್ತದೆ.

6 ಗಂಟೆಯೊಳಗೆ ತಿರುಚು ಬಿಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಹುಡುಗರ ವೃಷಣ ಉಳಿಯುತ್ತದೆ. 12 ಗಂಟೆಯಾದರೆ ಉಳಿಯುವುದು ಹೆಚ್ಚುಕಡಿಮೆ ಅರ್ಧ ಮಂದಿಗೆ. 24 ಗಂಟೆ ದಾಟಿದರೆ ಹತ್ತರಲ್ಲಿ ಒಬ್ಬನಿಗೂ ಕಷ್ಟ. ಈ ಲೆಕ್ಕ ಶುರುವಾಗುವುದು ಆಸ್ಪತ್ರೆ ಬಾಗಿಲಲ್ಲಲ್ಲ, ನೋವು ಶುರುವಾದ ಕ್ಷಣದಿಂದ.

ಒಂದು ಉದಾಹರಣೆ ನೋಡೋಣ. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಒಂಬತ್ತನೇ ತರಗತಿ ಹುಡುಗನೊಬ್ಬ ಬೆಳಗಿನ ಜಾವ 3 ಗಂಟೆಗೆ ನೋವಿನಿಂದ ಎಚ್ಚರಗೊಳ್ಳುತ್ತಾನೆ ಎಂದುಕೊಳ್ಳಿ. ಎರಡು ಸಲ ವಾಂತಿಯಾಗುತ್ತದೆ. ಅಮ್ಮ ಕೇಳಿದರೆ "ಹೊಟ್ಟೆ ನೋವು" ಎನ್ನುತ್ತಾನೆ. ಸುಳ್ಳಲ್ಲ. ಈ ನೋವು ಕಿಬ್ಬೊಟ್ಟೆಗೂ ಹರಿಯುತ್ತದೆ, ಕೆಲವರಿಗೆ ಅಲ್ಲೇ ಮೊದಲು ಕಾಣುತ್ತದೆ. ಜೊತೆಗೆ ನಾಚಿಕೆ. ಗ್ಯಾಸ್ ಇರಬೇಕು ಎಂದು ಒಂದು ಮಾತ್ರೆ, ಉಷ್ಣ ಆಗಿದೆ ಎಂದು ಎಳನೀರು, ಹೊಕ್ಕುಳಿಗೆ ಹರಳೆಣ್ಣೆ. ಅಲ್ಲಿಗೆ 7 ಗಂಟೆ. ಕ್ಲಿನಿಕ್ ತೆರೆಯುವುದು 9ಕ್ಕೆ. ಸ್ಕ್ಯಾನಿಂಗ್ ಸೆಂಟರ್ 10ಕ್ಕೆ. ಹಾಸನದ ಆಪರೇಷನ್ ಥಿಯೇಟರ್ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಯಾರೂ ಬೇಕಂತ ತಡ ಮಾಡಲಿಲ್ಲ, ಆದರೂ 9 ಗಂಟೆ ಕಳೆದುಹೋಯಿತು. ಅದೇ ಮನೆಯವರು ಮೂರೂವರೆಗೇ ಹೊರಟಿದ್ದರೆ ಐದರ ಒಳಗೆ ಸರ್ಜನ್ ಕೈಗೆ ಸಿಗುತ್ತಿದ್ದ.

ಮೊದಲು ಕೇಳಿ, ನೋಡಿ

ಹರೆಯದ ಹುಡುಗ ಹೊಟ್ಟೆ ನೋವು ಎಂದು ಒದ್ದಾಡುತ್ತಿದ್ದರೆ ಅಪ್ಪನೋ ಅಣ್ಣನೋ ಮಾವನೋ ಪಕ್ಕಕ್ಕೆ ಕರೆದು ನೇರವಾಗಿ ಕೇಳಲಿ: "ಕೆಳಗೆ ಬೀಜದಲ್ಲಿ ನೋವಿದ್ಯೇನೋ? ನಾಚ್ಕೋಬೇಡ, ಹೇಳು ಮಗಾ." ಮನೆಯಲ್ಲಿ ಗಂಡಸರಿಲ್ಲದಿದ್ದರೆ ಅಮ್ಮನೇ ಕೇಳಬೇಕು. ಒಪ್ಪಿದರೆ ಒಮ್ಮೆ ನೋಡಿ. ನೋವಿರುವ ವೃಷಣ ಇನ್ನೊಂದಕ್ಕಿಂತ ಮೇಲೆ ಸರಿದಿರಬಹುದು, ಅಡ್ಡಡ್ಡ ಮಲಗಿದಂತೆ ಕಾಣಬಹುದು, ಮುಟ್ಟಲೂ ಬಿಡದಷ್ಟು ನೋವಿರುತ್ತದೆ. ಆದರೆ ಊತವಾಗಲಿ ಕೆಂಪಾಗಲಿ ಇಲ್ಲ ಎಂದು ಸಮಾಧಾನಪಡಬೇಡಿ. ಅವು ಬರುವುದು ಎಷ್ಟೋ ಸಲ ತಡವಾಗಿ.

ನೋವು ಶುರುವಾದ ಸಮಯ ಬರೆದಿಟ್ಟುಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು.

ಹೊರಡುವ ಮುಂಚೆ

ಊಟ, ಕಾಫಿ, ಎಳನೀರು ಏನೂ ಕೊಡಬೇಡಿ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ. ಬಿಸಿ ಕಾವು ಬೇಡ, ತಿಕ್ಕುವುದೂ ಬೇಡ. ಕೈಯಿಂದ ತಿರುಗಿಸಿ ಸರಿಮಾಡಲು ಹೋಗಬೇಡಿ. ವೈದ್ಯರು ಕೆಲವೊಮ್ಮೆ ಹಾಗೆ ಮಾಡುತ್ತಾರೆ ನಿಜ, ಆದರೆ ಯಾವ ಕಡೆಗೆ, ಎಷ್ಟು ಸುತ್ತು ಎಂದು ತಿಳಿಯದೆ ಮಾಡಿದರೆ ಇನ್ನಷ್ಟು ಬಿಗಿಯಾಗುತ್ತದೆ. ಹಾಗೆ ಬಿಡಿಸಿದರೂ ಆಪರೇಷನ್ ತಪ್ಪುವುದಿಲ್ಲ.

ನೋವಿನ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಎಷ್ಟೋ ಗಂಟೆ ಕಳೆದ ಮೇಲೆ ನೋವು ತಾನಾಗಿ ಇಳಿಯಬಹುದು. ವೃಷಣ ಸಾಯುತ್ತಿರುವುದೂ ಅದಕ್ಕೆ ಕಾರಣವಿರಬಹುದು.

ಎಲ್ಲಿಗೆ ಹೋಗಬೇಕು?

ರಾತ್ರಿಯೂ ಸರ್ಜನ್ ಮತ್ತು ಅರಿವಳಿಕೆ ವೈದ್ಯರು ಸಿಗುವ ಹತ್ತಿರದ ಆಸ್ಪತ್ರೆಗೆ. ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆ, ಇಲ್ಲವೇ ದೊಡ್ಡ ಖಾಸಗಿ ಆಸ್ಪತ್ರೆ. ದಾರಿಯಿಂದಲೇ ಫೋನ್ ಮಾಡಿ ಸರ್ಜನ್ ಇದ್ದಾರಾ ಎಂದು ಕೇಳಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಹುಡುಗ ಹಾಸ್ಟೆಲಿನಲ್ಲಿದ್ದರೆ ಅಪ್ಪ ಅಮ್ಮ ಬರಲಿ ಎಂದು ವಾರ್ಡನ್ ಕಾಯಬಾರದು. ಇವರು ಹೊರಡಲಿ, ಅವರು ಸೀದಾ ಆಸ್ಪತ್ರೆಗೇ ಬರಲಿ. ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾಗುತ್ತದೆ.

ಅಲ್ಲಿ ಚೀಟಿ ಮಾಡಿಸಿ ಸುಮ್ನೆ ಸಾಲಿನಲ್ಲಿ ಕೂರಬೇಡಿ. "ಹುಡುಗನಿಗೆ 14 ವರ್ಷ. 3 ಗಂಟೆಯಿಂದ ಒಂದು ವೃಷಣ ವಿಪರೀತ ನೋಯುತ್ತಿದೆ, ವಾಂತಿಯಾಗಿದೆ. ತಿರುಚಿಕೊಂಡಿದೆಯಾ ನೋಡಿ" ಎಂದು ಎಮರ್ಜೆನ್ಸಿಯಲ್ಲಿ ಗಟ್ಟಿಯಾಗಿ ಹೇಳಿ. ಈ ಮೂರು ವಾಕ್ಯ ಸಾಕು.

ವೈದ್ಯರು ಏನು ಮಾಡುತ್ತಾರೆ?

ತೊಡೆಯ ಒಳಭಾಗವನ್ನು ಬೆರಳಿನಿಂದ ಮೆಲ್ಲಗೆ ಸವರುತ್ತಾರೆ. ಸಾಮಾನ್ಯವಾಗಿ ಆ ಬದಿಯ ವೃಷಣ ತಟ್ಟನೆ ಮೇಲೆ ಸರಿಯುತ್ತದೆ. ತಿರುಚಿಕೊಂಡಿದ್ದರೆ ಬಹುತೇಕ ಅಲುಗಾಡುವುದಿಲ್ಲ. ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತ ಹರಿಯುತ್ತಿದೆಯಾ ಎಂದು ನೋಡುತ್ತಾರೆ. ಆದರೆ ಅರ್ಧಂಬರ್ಧ ತಿರುಚಿದ್ದಾಗ ಸ್ಕ್ಯಾನಿನಲ್ಲಿ ರಕ್ತ ಹರಿಯುವಂತೆಯೇ ಕಾಣಬಹುದು. ಲಕ್ಷಣಗಳು ಸ್ಪಷ್ಟವಾಗಿದ್ದರೆ ಅನುಭವಿ ಸರ್ಜನ್ ಸ್ಕ್ಯಾನಿಗೂ ಕಾಯದೆ ಆಪರೇಷನ್ನಿಗೆ ಒಯ್ಯುತ್ತಾರೆ. ತೆರೆದು ನೋಡಿದಾಗ ತಿರುಚು ಇಲ್ಲದಿದ್ದರೆ ಹುಡುಗನಿಗೆ ಉಳಿಯುವುದು ಒಂದು ಸಣ್ಣ ಗಾಯ. ಇದ್ದೂ ತೆರೆಯದಿದ್ದರೆ ವೃಷಣವೇ ಹೋಗುತ್ತದೆ. ಹಾಗಾಗಿ "ಸ್ಕ್ಯಾನ್ ಇಲ್ಲದೆ ಯಾಕೆ ಕುಯ್ಯುತ್ತೀರಿ" ಎಂದು ಜಗಳಕ್ಕೆ ನಿಲ್ಲಬೇಡಿ.

ಸೋಂಕಿನಿಂದಲೂ ವೃಷಣ ನೋಯುತ್ತದೆ. ಅದು ಹೆಚ್ಚಾಗಿ ಒಂದೆರಡು ದಿನದಲ್ಲಿ ನಿಧಾನವಾಗಿ ಏರುತ್ತದೆ, ಜ್ವರ, ಉರಿಮೂತ್ರ ಜೊತೆಗಿರಬಹುದು. ದಿಢೀರ್ ನೋವಿಗೆ ಪರೀಕ್ಷಿಸದೆ ಆಂಟಿಬಯಾಟಿಕ್ ಬರೆದುಕೊಟ್ಟರೆ ತೆಗೆದುಕೊಂಡು ಮನೆಗೆ ಬರಬೇಡಿ, ಸರ್ಜನ್ ಒಮ್ಮೆ ನೋಡಲಿ ಎಂದು ಹಟ ಹಿಡಿಯಿರಿ.

ಆಪರೇಷನ್ನಿನಲ್ಲಿ ಚೀಲವನ್ನು ಸ್ವಲ್ಪ ತೆರೆದು ಬಳ್ಳಿಯನ್ನು ಬಿಡಿಸುತ್ತಾರೆ. ಕಪ್ಪುನೀಲಿಯಾದ ವೃಷಣವನ್ನು ಬೆಚ್ಚಗಿನ ಸಲೈನಿನಲ್ಲಿ ನೆನೆಸಿದ ಬಟ್ಟೆಯಿಂದ ಸುತ್ತಿ ಕೆಲವು ನಿಮಿಷ ಕಾಯುತ್ತಾರೆ. ಬಣ್ಣ ಮರಳಿದರೆ ಮತ್ತೆ ಸುತ್ತದಂತೆ ಹೊಲಿಗೆ ಹಾಕಿ ಕೂರಿಸುತ್ತಾರೆ. ಮರಳದಿದ್ದರೆ ತೆಗೆಯಬೇಕಾಗುತ್ತದೆ. ಎರಡರಲ್ಲಿ ಏನೇ ಆದರೂ ಚೆನ್ನಾಗಿರುವ ಇನ್ನೊಂದು ಬದಿಗೂ ಹೊಲಿಗೆ ಹಾಕುತ್ತಾರೆ. ಹುಟ್ಟಿನ ಆ ಸಡಿಲು ಹೆಚ್ಚಾಗಿ ಎರಡೂ ಬದಿಗೆ ಇರುತ್ತದೆ. ಒಂದನ್ನು ತೆಗೆದರೂ ಇನ್ನೊಂದು ಆರೋಗ್ಯವಾಗಿದ್ದರೆ ಗಡ್ಡಮೀಸೆ ಬರುವುದಕ್ಕೆ, ಮುಂದೆ ಮಕ್ಕಳಾಗುವುದಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇದನ್ನು ಹುಡುಗನಿಗೆ ವೈದ್ಯರ ಬಾಯಿಂದಲೇ ಹೇಳಿಸಿ. ಅವನು ತಾನಾಗಿ ಕೇಳುವುದಿಲ್ಲ.

ತಡವಾಗಿದೆ ಎಂದು ಹೋಗದೇ ಇರಬೇಡಿ. ಕೆಲವರಲ್ಲಿ ತಿರುಚು ಪೂರ್ತಿ ಬಿಗಿಯಾಗಿರುವುದಿಲ್ಲ, ಒಂದು ದಿನವಾದರೂ ಉಳಿದದ್ದಿದೆ. ಇನ್ನು ಕೆಲವರಿಗೆ ನೋವು ಜೋರಾಗಿ ಬಂದು ಹತ್ತಿಪ್ಪತ್ತು ನಿಮಿಷದಲ್ಲಿ ಮಾಯವಾಗುತ್ತದೆ, ಸ್ವಲ್ಪ ದಿನ ಬಿಟ್ಟು ಮತ್ತೆ ಬರುತ್ತದೆ. ತಾನೇ ತಿರುಚಿ ತಾನೇ ಬಿಚ್ಚಿಕೊಳ್ಳುತ್ತಿರುವ ಲಕ್ಷಣ ಅದು. ನೋವಿಲ್ಲದಿದ್ದರೂ ಅದೇ ದಿನ ಸರ್ಜನ್ ಅಥವಾ ಯೂರಾಲಜಿಸ್ಟ್ ಹತ್ತಿರ ಕರೆದೊಯ್ಯಿರಿ. ಅನುಮಾನ ನಿಜವೆನಿಸಿದರೆ, ಪೂರ್ತಿ ತಿರುಚಿಕೊಳ್ಳುವ ಮುಂಚೆಯೇ ಎರಡೂ ಬದಿಗೆ ಹೊಲಿಗೆ ಹಾಕಿಬಿಡುತ್ತಾರೆ.